ಪ್ರಿಂಟ್ ಕೆಟ್ಟರೆ ಮೊದಲು ಫೈಲ್ ತೆರೆಯಿರಿ: ಜಿ-ಕೋಡ್ ಓದಿ ಸ್ಲೈಸರ್ ತಪ್ಪು ಹಿಡಿಯುವುದು

ತ್ರೀಡಿ ಪ್ರಿಂಟ್ ಸರಿಯಾಗಿ ಬರದಿದ್ದರೆ ಬೆಂಗಳೂರಿನಲ್ಲಿ ನಮ್ಮ ಕಾಲು ತಾನಾಗೇ ಎಸ್‌ಪಿ ರೋಡ್ ಕಡೆ ನಡೆಯುತ್ತದೆ. ಹೊಸ ನಾಜಲ್, ಹೊಸ ಟ್ಯೂಬ್, ಆಮೇಲೆ ಹೊಸ ಎಕ್ಸ್‌ಟ್ರೂಡರ್. ಎಲ್ಲ ಬದಲಾಯಿಸಿದ ಮೇಲೂ ಪ್ರಿಂಟ್ ಹಾಗೇ ಬಂದರೆ ತಪ್ಪು ಮೆಷಿನ್‌ನಲ್ಲಿ ಇಲ್ಲದೆಯೂ ಇರಬಹುದು, ಅಲ್ವಾ? ಪ್ರಿಂಟರ್ ತನ್ನ ಬುದ್ಧಿಯಿಂದ ಏನೂ ಮಾಡುವುದಿಲ್ಲ. ಮಾಡೆಲನ್ನು ಲೇಯರ್‌ಗಳಾಗಿ ಕತ್ತರಿಸುವ ತಂತ್ರಾಂಶ, ಅಂದರೆ ಸ್ಲೈಸರ್, ಬರೆದುಕೊಟ್ಟ ಜಿ-ಕೋಡ್ ಫೈಲನ್ನು ಸಾಲು ಸಾಲಾಗಿ ಪಾಲಿಸುತ್ತದೆ. ಆ ಫೈಲ್ ಬರೀ ಪಠ್ಯ. ತೆರೆದು ಓದಲು ಒಂದು ಪೈಸೆ ಖರ್ಚಿಲ್ಲ.

ಇಲ್ಲಿ ಹೇಳಿರುವುದು ಮಾರ್ಲಿನ್ ಫರ್ಮ್‌ವೇರ್ ಇರುವ, 0.4 ನಾಜಲ್‌ನ ಸಾಮಾನ್ಯ ಪ್ರಿಂಟರ್‌ಗಳ ಬಗ್ಗೆ. ಕ್ಲಿಪ್ಪರ್ ಬಳಸುವವರಿಗೆ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲೇ ಹೇಳುತ್ತೇನೆ.

## ತೆರೆಯುವುದು ಹೇಗೆ, ನೋಡುವುದು ಎಲ್ಲಿ

ಫೈಲಿನ ಒಂದು ಪ್ರತಿ ಮಾಡಿಕೊಂಡು ಅದನ್ನು ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಅರ್ಥವಿಲ್ಲದ ಚಿಹ್ನೆಗಳು ಕಂಡರೆ ಗಾಬರಿ ಬೇಡ. ಅದು ಬಹುಶಃ `.bgcode`, ಅಂದರೆ ಬೈನರಿ ಫೈಲ್. ಪ್ರೂಸಾಸ್ಲೈಸರ್ ಸೆಟ್ಟಿಂಗ್‌ನಲ್ಲಿ ಬೈನರಿ ಆಯ್ಕೆ ತೆಗೆದು ಮತ್ತೆ ಸ್ಲೈಸ್ ಮಾಡಿದರೆ ಓದುವಂಥ ಫೈಲ್ ಸಿಗುತ್ತದೆ. `.gcode.3mf` ಆಗಿದ್ದರೆ ಅದು ಒಂದು ಜಿಪ್ ಫೈಲ್. ಬಿಡಿಸಿ ನೋಡಿದರೆ ಒಳಗೆ `Metadata/plate_1.gcode` ಇರುತ್ತದೆ.

ಲಕ್ಷಗಟ್ಟಲೆ ಸಾಲು ಇದ್ದರೂ ಓದಬೇಕಾದದ್ದು ಸ್ವಲ್ಪವೇ. ಶುರುವಿನ ಒಂದು ಪುಟ, ಮಧ್ಯದ ಯಾವುದಾದರೂ ಲೇಯರ್‌ನಿಂದ ಹತ್ತು ಸಾಲು, ಕೊನೆಯ ಒಂದಷ್ಟು. ಶುರು ಹೆಚ್ಚುಕಡಿಮೆ ಹೀಗಿರುತ್ತದೆ:

```
M140 S60
M104 S200
M190 S60
M109 S200
G28
G92 E0
G1 Z2.0 F3000
G1 X10 Y20 Z0.28 F5000
G1 X10 Y180 F1500 E15
```

ಒಂದು ಸಾಲು ಅಂದರೆ ಒಂದು ಅಪ್ಪಣೆ. `M140` ಬೆಡ್ ಕಾಯಿಸು ಅನ್ನುತ್ತದೆ, `M104` ನಾಜಲ್ ಕಾಯಿಸು ಅನ್ನುತ್ತದೆ. ಎರಡೂ ಹೇಳಿ ಸುಮ್ಮನಾಗುತ್ತವೆ, ಕಾಯುವುದಿಲ್ಲ. `M190` ಮತ್ತು `M109` ಮಾತ್ರ ಅಷ್ಟು ಬಿಸಿಯಾಗುವ ತನಕ ಮುಂದಿನ ಸಾಲಿಗೆ ಹೋಗಲು ಬಿಡುವುದಿಲ್ಲ. `G28` ಎಲ್ಲ ಅಕ್ಷಗಳನ್ನೂ ಮನೆಗೆ ಕಳಿಸುತ್ತದೆ. `G1` ಅಂದರೆ ನೇರ ಗೆರೆಯಲ್ಲಿ ಚಲಿಸು. X, Y, Z ಎಲ್ಲಿಗೆ ಹೋಗಬೇಕು ಅಂತ ಹೇಳುತ್ತವೆ. E ಅಂದರೆ ಎಷ್ಟು ಮಿ.ಮೀ. ಫಿಲಮೆಂಟ್ ತಳ್ಳಬೇಕು ಅಂತ. F ವೇಗ, ಆದರೆ ನಿಮಿಷಕ್ಕೆ ಮಿ.ಮೀ. ಲೆಕ್ಕದಲ್ಲಿ. ಸ್ಲೈಸರ್‌ನಲ್ಲಿ ಸೆಕೆಂಡಿಗೆ 50 ಅಂತ ಕೊಟ್ಟದ್ದು ಇಲ್ಲಿ `F3000` ಆಗಿ ಕಾಣುತ್ತದೆ. 60ರಿಂದ ಭಾಗಿಸಿಕೊಳ್ಳಿ.

ಸಾಲಿನಲ್ಲಿ ಬರೆಯದ ಅಕ್ಷರ ಹಿಂದಿನ ಬೆಲೆಯಲ್ಲೇ ಇರುತ್ತದೆ. Z ಒಮ್ಮೆ 0.28 ಆದರೆ ಯಾರಾದರೂ ಬದಲಾಯಿಸುವವರೆಗೂ ಅದು 0.28. ಸೆಮಿಕೋಲನ್ ಆದ ಮೇಲೆ ಬರುವುದೆಲ್ಲ ನಮಗಾಗಿ ಬರೆದ ಟಿಪ್ಪಣಿ, ಪ್ರಿಂಟರ್ ಅದನ್ನು ಓದುವುದಿಲ್ಲ. ಕ್ಯೂರಾ ಫೈಲಿನಲ್ಲಿ ಲೇಯರ್ ಹುಡುಕಲು `;LAYER:`, ಪ್ರೂಸಾಸ್ಲೈಸರ್‌ನದರಲ್ಲಿ `;LAYER_CHANGE` ಅಂತ ಹುಡುಕಿ.

## ಲಕ್ಷಣ: ಬಿಸಿಯಾಗುವ ಮೊದಲೇ ಓಡಾಡುತ್ತದೆ, ಫಿಲಮೆಂಟ್ ಬರುವುದಿಲ್ಲ

ಶುರುವಿನ ಪುಟದಲ್ಲಿ `M109` ಹುಡುಕಿ. ಇಲ್ಲದಿದ್ದರೆ, ಅಥವಾ ಮೊದಲ `G1 ... E` ಸಾಲಿನ ನಂತರ ಇದ್ದರೆ, ಕಾರಣ ಸಿಕ್ಕಿತು. `M104` ಮಾತ್ರ ಇರುವ ಫೈಲ್ ನಾಜಲ್ 40 ಡಿಗ್ರಿ ಇದ್ದಾಗಲೇ ಪ್ರಿಂಟ್ ಶುರು ಮಾಡಿಬಿಡುತ್ತದೆ. ಮಾರ್ಲಿನ್ ಸಾಮಾನ್ಯವಾಗಿ 170 ಡಿಗ್ರಿಗಿಂತ ಕಡಿಮೆ ಇದ್ದರೆ ಫಿಲಮೆಂಟ್ ತಳ್ಳಲು ಒಪ್ಪುವುದಿಲ್ಲ. ಹಾಗಾಗಿ ನಾಜಲ್ ಸುಮ್ನೆ ಬೆಡ್ ಮೇಲೆ ಓಡಾಡುತ್ತಿರುತ್ತದೆ.

ಇನ್ನೊಂದು ಸೂಚನೆ: ಶುರುವಿನ ಸಾಲುಗಳಲ್ಲಿ `{` ಅಥವಾ `[` ಇದೆಯೇ ನೋಡಿ. `M109 S[first_layer_temperature]` ಅಂತ ಹಾಗೇ ಉಳಿದಿದ್ದರೆ, ಒಂದು ಸ್ಲೈಸರ್‌ನ ಸ್ಟಾರ್ಟ್ ಕೋಡನ್ನು ಯಾರೋ ಇನ್ನೊಂದಕ್ಕೆ ಪೇಸ್ಟ್ ಮಾಡಿದ್ದಾರೆ. ಅಲ್ಲಿ ಒಂದು ಸಂಖ್ಯೆ ಇರಬೇಕಿತ್ತು.

ಕ್ಲಿಪ್ಪರ್‌ನಲ್ಲಿ ಈ ಸಾಲುಗಳು ಫೈಲಿನಲ್ಲಿ ಇಲ್ಲದಿದ್ದರೂ ತಪ್ಪಲ್ಲ. `START_PRINT` ಥರದ ಒಂದೇ ಸಾಲು ಇದ್ದು, ಕಾಯಿಸುವ ಕೆಲಸವೆಲ್ಲ ಪ್ರಿಂಟರ್‌ನೊಳಗಿನ ಮ್ಯಾಕ್ರೋದಲ್ಲಿ ಇರಬಹುದು.

ಎಚ್ಚರಿಕೆ: ಎಲ್ಲಾದರೂ `M302 S0` ಅಥವಾ `M302 P1` ಕಂಡರೆ ಅಳಿಸಿ. ಅದು ಆ 170 ಡಿಗ್ರಿಯ ತಡೆಯನ್ನೇ ತೆಗೆದುಹಾಕುತ್ತದೆ. ತಣ್ಣಗಿನ ನಾಜಲ್‌ಗೆ ಫಿಲಮೆಂಟ್ ತುರುಕಿದರೆ ಗೇರ್ ಅದನ್ನು ಕೊರೆದು ಪುಡಿ ಮಾಡುತ್ತದೆ. ಹಾಗೆಯೇ `S` ಪಕ್ಕದ ಸಂಖ್ಯೆ ನೋಡಿಕೊಳ್ಳಿ. ಹಾಟೆಂಡ್ ಒಳಗೆ ನಾಜಲ್‌ವರೆಗೂ ಬಿಳಿ ಟ್ಯೂಬ್ ಇಳಿದಿರುವ ಪ್ರಿಂಟರ್‌ನಲ್ಲಿ `M109 S260` ಇದ್ದರೆ ಆ ಫೈಲ್ ಓಡಿಸಬೇಡಿ. ಆ ಬಿಸಿಗೆ ಟ್ಯೂಬ್ ಹಾಳಾಗಿ ಕೆಟ್ಟ ಹೊಗೆ ಬರುತ್ತದೆ.

## ಲಕ್ಷಣ: ಮೊದಲ ಲೇಯರ್ ಒಂದು ಕಡೆ ಉಜ್ಜುತ್ತದೆ, ಇನ್ನೊಂದು ಕಡೆ ಅಂಟುವುದಿಲ್ಲ

ಬೆಡ್ ಲೆವೆಲ್ ಮಾಡಿದ್ದೇನೆ, ಆದರೂ ಹೀಗೆ ಅನ್ನುವವರು `G28` ಮತ್ತು `M420 S1` ಯಾವ ಕ್ರಮದಲ್ಲಿವೆ ನೋಡಿ. `M420 S1` ಅಂದರೆ ಉಳಿಸಿಟ್ಟ ಬೆಡ್ ಅಳತೆಯನ್ನು ಬಳಸು ಅಂತ. ಮಾರ್ಲಿನ್‌ನಲ್ಲಿ, ಫರ್ಮ್‌ವೇರ್‌ನಲ್ಲಿ ಬೇರೆ ರೀತಿ ಹೊಂದಿಸದಿದ್ದರೆ, `G28` ಆ ಅಳತೆಯನ್ನು ಆಫ್ ಮಾಡಿಬಿಡುತ್ತದೆ. ಆದ್ದರಿಂದ `M420 S1` ಯಾವಾಗಲೂ `G28` ಕೆಳಗಿರಬೇಕು. ಮೇಲಿದ್ದರೆ ನೀವು ಎಷ್ಟು ಸಲ ಲೆವೆಲ್ ಮಾಡಿದರೂ ಪ್ರಿಂಟ್ ಆಗುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ.

ಕ್ರಮ ಸರಿ ಇದ್ದರೆ ಮೊದಲ ಲೇಯರ್‌ನ Z ನೋಡಿ. 0.2 ಅಥವಾ 0.28 ಅಂತ ಇದ್ದರೆ ಫೈಲ್ ಸರಿ. ಇನ್ನು ಬೆಡ್‌ನ ಸ್ಕ್ರೂಗಳ ಕಡೆ ಹೋಗಬಹುದು.

## ಲಕ್ಷಣ: ಎಳೆ ತೆಳ್ಳಗೆ, ಗೋಡೆ ಜಾಳುಜಾಳು, ಬೆರಳಲ್ಲಿ ಒತ್ತಿದರೆ ಪುಡಿ

ಇದೇ ಜನರಿಂದ ಜಾಸ್ತಿ ದುಡ್ಡು ಖರ್ಚು ಮಾಡಿಸುವ ಲಕ್ಷಣ. ವಿಜಯನಗರದ ಒಬ್ಬ ಇಂಜಿನಿಯರಿಂಗ್ ಹುಡುಗ ಪ್ರಾಜೆಕ್ಟಿನ ಡಬ್ಬ ಒಂದನ್ನು ತಂದು ತೋರಿಸಿದ. ಗೋಡೆಯ ಎಳೆಗಳ ನಡುವೆ ಬೆಳಕು ಕಾಣುತ್ತಿತ್ತು. "ಅಣ್ಣಾ, ನಾಜಲ್ ಹೊಸದು, ಎಕ್ಸ್‌ಟ್ರೂಡರ್ ಗೇರೂ ಹೊಸದು. ಆದ್ರೂ ಹಂಗೇ ಬರ್ತಿದೆ" ಅಂದ. ಬೆಡ್ ಅಂಚಿನಲ್ಲಿ ಮೊದಲು ಎಳೆಯುವ ಗೆರೆ ಹೇಗೆ ಬರುತ್ತೆ ಅಂತ ಕೇಳಿದೆ. "ಅದು ಮಾತ್ರ ದಪ್ಪಗೆ, ಚೆನ್ನಾಗೇ ಬರುತ್ತೆ" ಅಂದ.

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಮೇಲಿನ ಉದಾಹರಣೆಯ ಕೊನೆಯ ಸಾಲು ನೋಡಿ: `G1 X10 Y180 F1500 E15`. ಅಂಚಿನ ಗೆರೆ ಅಂದರೆ ಇದೇ. ಅದರ `E15` ಸ್ಟಾರ್ಟ್ ಕೋಡ್‌ನಲ್ಲಿ ಯಾರೋ ಕೈಯಾರೆ ಬರೆದಿಟ್ಟ ಸಂಖ್ಯೆ. ಸ್ಲೈಸರ್ ಅದನ್ನು ಲೆಕ್ಕ ಹಾಕಿಲ್ಲ. ವಸ್ತುವಿನ ಒಳಗಿನ ಪ್ರತಿ E ಮಾತ್ರ ಸ್ಲೈಸರ್‌ನ ಲೆಕ್ಕ. ಅಂಚಿನ ಗೆರೆ ದಪ್ಪಗೆ ಬಂದು ವಸ್ತು ಮಾತ್ರ ತೆಳ್ಳಗಾದರೆ, ನಾಜಲ್ ಕಟ್ಟಿಕೊಂಡಿಲ್ಲ, ಗೇರ್ ಜಾರುತ್ತಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಏಕೆಂದರೆ ಆ ಗೆರೆಗೆ ಸೆಕೆಂಡಿಗೆ ಬೇಕಾಗುವ ಪ್ಲಾಸ್ಟಿಕ್ ಮಾಮೂಲಿ ವೇಗದ ಗೋಡೆಗಿಂತ ಜಾಸ್ತಿ. ಅಷ್ಟನ್ನು ಕೊಟ್ಟ ಹಾಟೆಂಡ್ ಕಡಿಮೆಯನ್ನು ಕೊಡಲಾರದೇ? ಅಂಚಿನ ಗೆರೆಯೂ ತೆಳ್ಳಗೇ ಬಂದರೆ ಕಥೆ ಬೇರೆ. ಆಗ ಮೆಷಿನ್ ಕಡೆ ನೋಡಿ.

ಉಳಿದರ್ಧ ಉತ್ತರಕ್ಕೆ ಅವನ ಫೈಲಿನ ಮಧ್ಯದಿಂದ ಈ ಸಾಲುಗಳನ್ನು ತೆಗೆದೆವು:

```
;TYPE:WALL-OUTER
G0 F9000 X100 Y100 Z0.4
G1 F1800 X130 Y100 E41.67621
G1 X130 Y130 E42.05242
```

ಎರಡನೇ `G1` ತೆಗೆದುಕೊಳ್ಳಿ. Y 100ರಿಂದ 130ಕ್ಕೆ ಹೋಗಿದೆ, ಅಂದರೆ ಎಳೆಯ ಉದ್ದ 30 ಮಿ.ಮೀ. E 41.67621ರಿಂದ 42.05242ಕ್ಕೆ ಏರಿದೆ. ಕಳೆದರೆ 0.376. ಅಂದರೆ 30 ಮಿ.ಮೀ. ಎಳೆಗೆ 0.376 ಮಿ.ಮೀ. ಫಿಲಮೆಂಟ್.

ಇದು ಸಾಕೇ? ಅವನ ಸೆಟ್ಟಿಂಗ್ ಪ್ರಕಾರ ಎಳೆಯ ಅಗಲ 0.4, ಲೇಯರ್ ಎತ್ತರ 0.2. ಹಾಗಾಗಿ 30 ಮಿ.ಮೀ. ಎಳೆಗೆ ಬೇಕಾದ ಪ್ಲಾಸ್ಟಿಕ್ 30 × 0.4 × 0.2, ಅಂದರೆ 2.4 ಘನ ಮಿ.ಮೀ. 1.75 ಫಿಲಮೆಂಟ್‌ನ ಅಡ್ಡಕೊಯ್ತ ಸುಮಾರು 2.405 ಚದರ ಮಿ.ಮೀ. ಒಂದರಿಂದ ಇನ್ನೊಂದನ್ನು ಭಾಗಿಸಿದರೆ 0.998. ಬೇಕಾದದ್ದು ಸುಮಾರು 1 ಮಿ.ಮೀ., ಫೈಲ್ ಕೇಳಿದ್ದು 0.376.

ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈ ಅನುಪಾತ ಪ್ರಿಂಟರ್ ಮಂದಿಗೆ ಹಳೆಯ ಪರಿಚಯ. 2.85 ಮಿ.ಮೀ. ಫಿಲಮೆಂಟ್‌ನ ಅಡ್ಡಕೊಯ್ತ 1.75ರದ್ದಕ್ಕಿಂತ 2.65 ಪಟ್ಟು ದೊಡ್ಡದು. 0.998ನ್ನು 2.65ರಿಂದ ಭಾಗಿಸಿ ನೋಡಿ, 0.376 ಸಿಗುತ್ತದೆ. ಹುಡುಗ ತನ್ನ ಪ್ರಿಂಟರ್ ಪಟ್ಟಿಯಲ್ಲಿ ಸಿಗದೇ ಕಸ್ಟಮ್ ಪ್ರಿಂಟರ್ ಅಂತ ಸೇರಿಸಿಕೊಂಡಿದ್ದ. ಫಿಲಮೆಂಟ್ ವ್ಯಾಸದ ಜಾಗದಲ್ಲಿ ಮೊದಲೇ ಇದ್ದ 2.85 ಹಾಗೇ ಉಳಿದಿತ್ತು. ದಪ್ಪ ಫಿಲಮೆಂಟ್ ಇದೆ ಅಂದುಕೊಂಡ ಸ್ಲೈಸರ್ ಕಡಿಮೆ ಉದ್ದ ತಳ್ಳು ಅಂತ ಬರೆದಿದೆ. ಪ್ರಿಂಟರ್ ಅದನ್ನು ಚಾಚೂ ತಪ್ಪದೆ ಪಾಲಿಸಿದೆ. 1.75 ಅಂತ ತಿದ್ದಿ ಮತ್ತೆ ಸ್ಲೈಸ್ ಮಾಡಿ ಅದೇ ಗೋಡೆ ಹುಡುಕಿದಾಗ ವ್ಯತ್ಯಾಸ 0.998 ಬಂತು. ಪ್ರಿಂಟ್ ಹಾಕುವ ಮೊದಲೇ ಸರಿಹೋಗಿದ್ದು ಗೊತ್ತಾಯಿತು.

ನಿಮ್ಮ ಫೈಲಿಗೆ ಈ ಲೆಕ್ಕ ಮಾಡುವಾಗ X ಅಥವಾ Y ಒಂದೇ ಬದಲಾಗುವ ನೇರ ಸಾಲು ಆರಿಸಿಕೊಳ್ಳಿ, ಓರೆ ಗೆರೆಯ ಉದ್ದ ಲೆಕ್ಕ ಹಾಕುವ ತಲೆನೋವು ಇರುವುದಿಲ್ಲ. ಮೊದಲ ಲೇಯರ್ ಬೇಡ, ಅದರ ಅಗಲ ಮತ್ತು ಎತ್ತರ ಬೇರೆ ಇರಬಹುದು. ಪ್ರೂಸಾಸ್ಲೈಸರ್ ಎಳೆಯ ಎರಡೂ ಬದಿ ದುಂಡಗಿದೆ ಅಂತ ಲೆಕ್ಕ ಹಾಕುವುದರಿಂದ ಅದರ E ಈ ಲೆಕ್ಕಕ್ಕಿಂತ ಸುಮಾರು ಹತ್ತು ಶೇಕಡಾ ಕಡಿಮೆ ಬರುತ್ತದೆ. ಅದು ದೋಷವಲ್ಲ. ನಾವು ಹುಡುಕುತ್ತಿರುವುದು ಅರ್ಧ, ಎರಡೂವರೆ ಪಟ್ಟು ಥರದ ದೊಡ್ಡ ವ್ಯತ್ಯಾಸ. ಉದಾಹರಣೆಗೆ ಇದೇ ಸಾಲಿನಲ್ಲಿ 2.4 ಬಂದಿದ್ದರೆ? ಅದು ಘನ ಮಿ.ಮೀ. ಲೆಕ್ಕ. ಜಿ-ಕೋಡ್ ಬಗೆಯಲ್ಲಿ ವಾಲ್ಯೂಮೆಟ್ರಿಕ್ ಅಂತ ಆಯ್ಕೆಯಾಗಿದೆ, ಪ್ಲಾಸ್ಟಿಕ್ ಉಕ್ಕಿ ಹರಿಯುತ್ತದೆ.

E ಸರಿಯಾಗೇ ಇದ್ದರೆ ಕೊನೆಯದಾಗಿ `M221` ಹುಡುಕಿ. ಅದು ಒಟ್ಟು ಹರಿವಿನ ಶೇಕಡಾವಾರು. `M221 S95` ಪರವಾಗಿಲ್ಲ. `M221 S60` ಇದ್ದರೆ ಯಾರೋ ಹಿಂದೆ ಪ್ರಯೋಗ ಮಾಡಿ ಮರೆತದ್ದು.

## ಲಕ್ಷಣ: ಫಿಲಮೆಂಟ್ ಭರ್ರನೆ ನುಗ್ಗುತ್ತದೆ, ಅಥವಾ ಏನೂ ಬರುವುದೇ ಇಲ್ಲ

ಮೇಲಿನ ಫೈಲಿನಲ್ಲಿ E ಏರುತ್ತಾ ಹೋಗಿದೆ, 41, 42 ಹೀಗೆ. ಇದು ಒಟ್ಟು ಲೆಕ್ಕದ ಪದ್ಧತಿ, ಇದಕ್ಕೆ `M82` ಬೇಕು. ಇನ್ನು ಕೆಲವು ಫೈಲ್‌ಗಳಲ್ಲಿ ಪ್ರತಿ ಸಾಲಿನಲ್ಲೂ 0.998, 0.45 ಥರ ಸಣ್ಣ ಸಂಖ್ಯೆ ಇರುತ್ತದೆ. ಅದು ಬಿಡಿ ಲೆಕ್ಕ, ಅದಕ್ಕೆ `M83` ಬೇಕು. ಎರಡರಲ್ಲಿ ಯಾವುದಾದರೂ ಸರಿ. ಆದರೆ ಅಪ್ಪಣೆಗೂ ಸಂಖ್ಯೆಗಳಿಗೂ ತಾಳೆ ಇರಬೇಕು.

`M83` ಬರೆದು ಕೆಳಗೆ `E41.67621` ಬಂದರೆ, ಆ ಒಂದೇ ಸಾಲಿಗೆ 41 ಮಿ.ಮೀ. ಫಿಲಮೆಂಟ್ ತಳ್ಳಲು ಹೋಗುತ್ತದೆ. ಮೋಟಾರ್ ಕಟಕಟ ಅನ್ನುತ್ತದೆ, ತಲೆ ಒಂದೇ ಕಡೆ ನಿಂತಂತೆ ಕಾಣುತ್ತದೆ, ನಾಜಲ್ ಸುತ್ತ ಉಂಡೆ ಕಟ್ಟುತ್ತದೆ. ತಕ್ಷಣ ನಿಲ್ಲಿಸಿ. ಉಂಡೆ ಹೀಟರ್ ವೈರಿನ ಮೇಲೆ ಹತ್ತಿಕೊಂಡರೆ ಬಿಡಿಸುವಾಗ ವೈರ್ ಕಿತ್ತು ಬರುತ್ತದೆ.

ತದ್ವಿರುದ್ಧವಾಗಿ `M82` ಇದ್ದು ಪ್ರತಿ ಸಾಲಿನಲ್ಲೂ `E0.998` ಬಂದರೆ, ಮೊದಲ ಸಾಲಿಗೆ ಮಾತ್ರ ಪ್ಲಾಸ್ಟಿಕ್ ಬರುತ್ತದೆ. ಎರಡನೆಯದಕ್ಕೆ ನಾನು ಆಗಲೇ 0.998ರಲ್ಲಿ ಇದ್ದೇನಲ್ಲ ಅಂತ ಪ್ರಿಂಟರ್ ಏನೂ ತಳ್ಳುವುದಿಲ್ಲ. ಮುಂದಿನದು 0.45 ಆಗಿದ್ದರೆ ಹಿಂದಕ್ಕೂ ಎಳೆದುಕೊಳ್ಳುತ್ತದೆ. ನೋಡಿದವರು ನಾಜಲ್ ಬ್ಲಾಕ್ ಆಗಿದೆ ಅಂದುಕೊಳ್ಳುತ್ತಾರೆ.

ಇದರಲ್ಲಿ ಒಂದು ಗುಪ್ತ ಕಾರಣ ಇದೆ. ಮಾರ್ಲಿನ್‌ನಲ್ಲಿ `G90` ಬಂದರೆ E ಕೂಡ ಒಟ್ಟು ಲೆಕ್ಕಕ್ಕೆ ತಿರುಗುತ್ತದೆ. `M83` ಮೊದಲು, `G90` ಆಮೇಲೆ ಇರುವ ಸ್ಟಾರ್ಟ್ ಕೋಡ್ ಓದಲು ಸರಿ ಅನ್ನಿಸುತ್ತದೆ, ಕೆಲಸದಲ್ಲಿ ತಪ್ಪಾಗುತ್ತದೆ. `M83` ಕೆಳಗಿರಲಿ.

## ಲಕ್ಷಣ: ವಸ್ತು ಬೆಡ್ ಮಧ್ಯದಲ್ಲಿ ಇಲ್ಲ, ತಲೆ ಅಂಚಿಗೆ ಬಡಿಯುತ್ತದೆ

ಕ್ಯೂರಾ ಫೈಲಿನ ತಲೆಯಲ್ಲಿ `;MINX:`, `;MAXX:` ಅಂತ ಇರುತ್ತದೆ. 220 ಮಿ.ಮೀ. ಬೆಡ್‌ನಲ್ಲಿ ಮಧ್ಯ ಅಂದರೆ 110. 40 ಮಿ.ಮೀ. ವಸ್ತು ಸುಮಾರು 90ರಿಂದ 130ರ ನಡುವೆ ಇರಬೇಕು. ಅಲ್ಲಿ -20 ಮತ್ತು 20 ಇದ್ದರೆ, ಸೊನ್ನೆ ಬೆಡ್‌ನ ಮಧ್ಯದಲ್ಲಿದೆ ಅಂತ ಸ್ಲೈಸರ್‌ಗೆ ಯಾರೋ ಹೇಳಿದ್ದಾರೆ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಆ ಟಿಕ್ ತೆಗೆಯಿರಿ. 130ರಿಂದ 170 ಇದ್ದರೆ 300 ಬೆಡ್‌ನ ಪ್ರೊಫೈಲ್ ಆಯ್ಕೆಯಾಗಿದೆ.

## ಲಕ್ಷಣ: ಪ್ರತಿ ಸಲ ಒಂದೇ ಎತ್ತರದಲ್ಲಿ ಕೆಡುತ್ತದೆ

ಕೆಟ್ಟ ವಸ್ತುವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಪ್ರತಿ ಸಲವೂ ಬೇರೆ ಬೇರೆ ಎತ್ತರದಲ್ಲಿ ಕೆಟ್ಟಿದ್ದರೆ ಫೈಲ್ ಬಿಡಿ, ಸುರುಳಿ ಸಿಕ್ಕಿಕೊಳ್ಳುವುದು, ವೈರ್ ಸಡಿಲವಾಗಿರುವುದು ನೋಡಿ. ಪ್ರತಿ ಸಲವೂ 15 ಮಿ.ಮೀ.ನಲ್ಲೇ ಆದರೆ ಫೈಲಿನಲ್ಲಿ `Z15` ಹುಡುಕಿ, ಅದರ ಆಚೀಚೆ M ಸಾಲುಗಳನ್ನು ಓದಿ.

ಸಾಮಾನ್ಯವಾಗಿ ಸಿಗುವುದು ಹಳೆಯ ಟೆಂಪರೇಚರ್ ಟವರ್‌ನ ಪಳೆಯುಳಿಕೆ. ಟವರ್ ಪ್ರಿಂಟ್ ಮಾಡಲು ಹಾಕಿದ ಪೋಸ್ಟ್ ಪ್ರೊಸೆಸಿಂಗ್ ಸ್ಕ್ರಿಪ್ಟ್ ತೆಗೆಯದೇ ಬಿಟ್ಟಿರುತ್ತಾರೆ. ಆಮೇಲೆ ಎಲ್ಲ ಫೈಲಿನಲ್ಲೂ ಎತ್ತರ ಏರಿದಂತೆ `M104 S195`, `M104 S190`, `M104 S185` ಅಂತ ಇಳಿಯುತ್ತಿರುತ್ತದೆ. ಮೇಲಿನ ಲೇಯರ್‌ಗಳು ತಣ್ಣಗಾಗಿ ಬಿಟ್ಟುಕೊಳ್ಳುತ್ತವೆ. ಇಡೀ ಫೈಲಿನಲ್ಲಿ `M104` ಹುಡುಕಿದಾಗ ಒಂದು ಬಣ್ಣದ ಪ್ರಿಂಟ್‌ನಲ್ಲಿ ಶುರುವಿಗೆ ಒಂದೆರಡು, ಕೊನೆಗೆ `M104 S0` ಸಿಕ್ಕರೆ ಸಾಕು. ಮಧ್ಯದಲ್ಲಿ ಸಾಲುಗಟ್ಟಿದ್ದರೆ ಅನುಮಾನ ಪಡಿ. ಫ್ಯಾನ್‌ಗೂ ಇದೇ ರೀತಿ: `M106 S255` ಪೂರ್ತಿ ವೇಗ, `M107` ಆಫ್. ಸೆಮಿಕೋಲನ್ ಇಲ್ಲದ `M0` ಅಥವಾ `M600` ಇದ್ದರೆ ಪ್ರಿಂಟರ್ ನಿಂತು ನಿಮ್ಮನ್ನೇ ಕಾಯುತ್ತಿರುತ್ತದೆ.

## ತಿದ್ದುವಾಗ, ಮತ್ತು ಯಾವಾಗ ನಿಲ್ಲಿಸಬೇಕು

ತಪ್ಪು ಸಿಕ್ಕರೆ ಫೈಲಿನಲ್ಲಿ ಕೈಯಾರೆ ತಿದ್ದುವುದಕ್ಕಿಂತ ಸ್ಲೈಸರ್ ಸೆಟ್ಟಿಂಗ್ ತಿದ್ದಿ. ಇಲ್ಲದಿದ್ದರೆ ಮುಂದಿನ ಫೈಲಿನಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ. ಪ್ರಯೋಗಕ್ಕೆ ಒಂದು ಸಾಲು ಬದಲಾಯಿಸಿದರೂ ಆ ಫೈಲ್ ಮೊದಲ ಸಲ ಓಡುವಾಗ ಪಕ್ಕದಲ್ಲೇ ನಿಂತಿರಿ, ಕೈ ಪವರ್ ಸ್ವಿಚ್ ಹತ್ತಿರ ಇರಲಿ. ಕಂಪ್ಯೂಟರ್ ಜೋಡಿಸಿದ್ದರೆ `M112` ತುರ್ತು ನಿಲುಗಡೆ.

ಫೈಲಿನ ಶುರು ಸರಿ, E ಲೆಕ್ಕ ಸರಿ, M ಸಾಲುಗಳೂ ಸರಿ ಅಂದಾದರೆ ಅಲ್ಲಿಗೆ ಓದುವುದು ಸಾಕು. ಮಳೆಗಾಲದಲ್ಲಿ ನಾಜಲ್‌ನಿಂದ ಚಟಪಟ ಸದ್ದು ಬಂದು ಮೇಲ್ಮೈ ಒರಟಾದರೆ ಅದು ತೇವ ಹಿಡಿದ ಫಿಲಮೆಂಟ್, ಯಾವ ಸಾಲಿನಲ್ಲೂ ಸಿಗುವುದಿಲ್ಲ. ಸ್ಕ್ರೀನ್ ಮೇಲೆ `THERMAL RUNAWAY` ಅಥವಾ `MAXTEMP` ಬಂದರೆ, ಸುಟ್ಟ ವಾಸನೆ ಬಂದರೆ, `S200` ಕೇಳಿದಾಗ ತೋರಿಸುವ ತಾಪಮಾನ ಎಗರಾಡುತ್ತಿದ್ದರೆ, ಪ್ಲಗ್ ಕಿತ್ತು ಅಲ್ಲಿಗೇ ನಿಲ್ಲಿಸಿ. ಅದು ಹೀಟರ್ ಅಥವಾ ಸೆನ್ಸರ್ ಸಮಸ್ಯೆ. ಪವರ್ ಸಪ್ಲೈ ಡಬ್ಬದ ಒಳಗೆ 230 ವೋಲ್ಟ್ ಇದೆ, ಗೊತ್ತಿರುವವರ ಕೈಗೇ ಕೊಡಿ.

ಬೇರೆಯವರ ಸಹಾಯ ಕೇಳುವಾಗ "ಪ್ರಿಂಟ್ ಸರಿ ಬರ್ತಿಲ್ಲ" ಅಂತ ಫೋಟೋ ಒಂದನ್ನೇ ಕಳಿಸಬೇಡಿ. ಫೈಲಿನ ಮೊದಲ ಅರವತ್ತು ಸಾಲು, ಮಧ್ಯದ ಒಂದು ಹೊರಗೋಡೆಯ ಹತ್ತು ಸಾಲು, ಲೇಯರ್ ಎತ್ತರ ಮತ್ತು ಎಳೆಯ ಅಗಲ, ಪ್ರಿಂಟರ್‌ನಲ್ಲಿ ಮಾರ್ಲಿನ್ ಇದೆಯೋ ಕ್ಲಿಪ್ಪರ್ ಇದೆಯೋ, ಅಂಚಿನ ಗೆರೆ ಹೇಗೆ ಬಂತು, ಇಷ್ಟನ್ನು ಒಟ್ಟಿಗೆ ಕಳಿಸಿ.